ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಬಾಡಿಗೆ: ಗುತ್ತಿಗೆ ಹೊಣೆಯ ಮರುಲೆಕ್ಕ ಯಾವಾಗ?

ಐದು, ಹತ್ತು ವರ್ಷಗಳ ಅವಧಿಗೆ ಕಟ್ಟಡವೊಂದನ್ನು ಗುತ್ತಿಗೆಗೆ ಕೊಡುವಾಗ ಬಾಡಿಗೆ ಮುಂದೆ ಎಷ್ಟು ಏರಬೇಕು ಎಂಬುದನ್ನು ಕರಾರಿನಲ್ಲೇ ಬರೆಯುವುದು ವಾಡಿಕೆ. ಭಾರತದ ನಗರಗಳಲ್ಲಿ ಹೆಚ್ಚಾಗಿ ಕಾಣುವುದು ನಿಗದಿತ ಏರಿಕೆ: ವರ್ಷಕ್ಕೆ ಶೇ 5, ಇಲ್ಲವೇ ಮೂರು ವರ್ಷಕ್ಕೊಮ್ಮೆ ಶೇ 15. ಇದಲ್ಲದೆ ಇನ್ನೊಂದು ಪದ್ಧತಿಯೂ ಇದೆ. ಏರಿಕೆಯ ಪ್ರಮಾಣವನ್ನು ಇಬ್ಬರೂ ಮೊದಲೇ ನಿರ್ಧರಿಸದೆ, ಸರ್ಕಾರ ಪ್ರಕಟಿಸುವ ಬೆಲೆ ಸೂಚ್ಯಂಕಕ್ಕೆ ಬಿಟ್ಟುಕೊಡುತ್ತಾರೆ. ಗ್ರಾಹಕ ಬೆಲೆ ಸೂಚ್ಯಂಕ ಎಷ್ಟು ಏರಿದೆಯೋ ಬಾಡಿಗೆಯೂ ಅಷ್ಟೇ ಏರುತ್ತದೆ. ಹಣದ ಬೆಲೆ ಕುಸಿದು ನಷ್ಟವಾದೀತೆಂಬ ಭಯ ಮಾಲೀಕನಿಗಿಲ್ಲ. ಬೆಲೆ ಏರದ ಕಾಲದಲ್ಲೂ ಹೆಚ್ಚು ತೆರಬೇಕಾದೀತೆಂಬ ಭಯ ಬಾಡಿಗೆದಾರನಿಗಿಲ್ಲ.

ಮಾಲೀಕ ಮತ್ತು ಬಾಡಿಗೆದಾರರ ಮಟ್ಟಿಗೆ ಇದು ಸರಳ ಏರ್ಪಾಡು. ತೊಡಕು ಶುರುವಾಗುವುದು ಬಾಡಿಗೆದಾರ ಕಂಪನಿಯ ಲೆಕ್ಕಪುಸ್ತಕದಲ್ಲಿ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಕಂಪನಿಗಳು ಬಾಡಿಗೆಯನ್ನು ಆಯಾ ವರ್ಷದ ಖರ್ಚೆಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಒಂದು ವರ್ಷದೊಳಗಿನ ಅಲ್ಪಾವಧಿ ಗುತ್ತಿಗೆ ಮತ್ತು ಕಡಿಮೆ ಬೆಲೆಯ ವಸ್ತುಗಳ ಗುತ್ತಿಗೆಗೆ ವಿನಾಯಿತಿ ಉಂಟು. ಉಳಿದೆಲ್ಲ ಗುತ್ತಿಗೆಗಳಲ್ಲಿ, ಅವಧಿ ಮುಗಿಯುವ ತನಕ ಕೊಡಬೇಕಾದ ಬಾಡಿಗೆಗಳ ಇಂದಿನ ಮೌಲ್ಯವನ್ನು ಕಂಡುಹಿಡಿದು ಅದನ್ನು ಸಾಲದಂತೆಯೇ ಹೊಣೆಯ ಬದಿಯಲ್ಲಿ ತೋರಿಸಬೇಕು. ಆಸ್ತಿಯ ಬದಿಯಲ್ಲಿ ಕಟ್ಟಡವನ್ನು ಬಳಸುವ ಹಕ್ಕು ಸುಮಾರು ಅಷ್ಟೇ ಮೊತ್ತಕ್ಕೆ ನಿಲ್ಲುತ್ತದೆ. ಹೊಣೆಗೆ ವರ್ಷವರ್ಷವೂ ಬಡ್ಡಿ ಸೇರುತ್ತದೆ, ಬಾಡಿಗೆ ಕೊಟ್ಟಂತೆ ಅದು ಕರಗುತ್ತದೆ. ಬಳಕೆ ಹಕ್ಕಿನ ಮೇಲೆ ಸವಕಳಿ ಹಾಕಲಾಗುತ್ತದೆ. 2016ರ ಜನವರಿಯಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 16ರ ಮಾದರಿಯೇ ಇದು.

ಮುಂದಿನ ಬಾಡಿಗೆಗಳ ಇಂದಿನ ಮೌಲ್ಯ ಕಟ್ಟಬೇಕಾದರೆ ಆ ಬಾಡಿಗೆಗಳು ಎಷ್ಟೆಂದು ಗೊತ್ತಿರಬೇಕು. ನಿಗದಿತ ಏರಿಕೆಯಾದರೆ ಗೊತ್ತೇ ಇರುತ್ತದೆ. ಸೂಚ್ಯಂಕಕ್ಕೆ ಕಟ್ಟಿದ ಬಾಡಿಗೆ ಎರಡು ವರ್ಷದ ನಂತರ ಎಷ್ಟಾಗುತ್ತದೆಂದು ಯಾರೂ ಹೇಳಲಾರರು. ಇಲ್ಲಿ ಎರಡು ದಾರಿಗಳು ತೋಚುತ್ತವೆ. ಬೆಲೆ ಏರಿಕೆಯನ್ನು ಅಂದಾಜು ಮಾಡಿ ಅದರ ಮೇಲೆ ಲೆಕ್ಕ ಕಟ್ಟುವುದು ಒಂದು. ಅನಿಶ್ಚಿತ ಎಂಬ ಕಾರಣಕ್ಕೆ ಅಂಥ ಬಾಡಿಗೆಯನ್ನು ಹೊಣೆಯಿಂದ ಪೂರ್ತಿ ಹೊರಗಿಡುವುದು ಇನ್ನೊಂದು. ಮಾನದಂಡ ಎರಡನ್ನೂ ಒಪ್ಪಿಲ್ಲ. ಅಂದಾಜಿನ ದಾರಿ ಹಿಡಿದರೆ ಒಂದೊಂದು ಕಂಪನಿಯದು ಒಂದೊಂದು ಊಹೆಯಾಗಿ, ಲೆಕ್ಕಗಳನ್ನು ಹೋಲಿಸುವುದೇ ಕಷ್ಟವಾಗುತ್ತದೆ. ಪೂರ್ತಿ ಹೊರಗಿಡುವುದೂ ಸರಿಯಲ್ಲ. ಮೊತ್ತ ಬದಲಾಗಬಹುದೇ ಹೊರತು ಬಾಡಿಗೆ ಕೊಡುವುದನ್ನು ಕಂಪನಿ ತಪ್ಪಿಸಿಕೊಳ್ಳುವಂತಿಲ್ಲ, ಹಾಗಾಗಿ ಅದು ಹೊಣೆಯೇ. ಆದ್ದರಿಂದ ಮಾನದಂಡ ನಡುವಿನ ದಾರಿ ಹಿಡಿದಿದೆ: ಗುತ್ತಿಗೆ ಆರಂಭವಾದ ದಿನ ಸೂಚ್ಯಂಕ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ ಇರುತ್ತದೆ ಎಂದು ಇಟ್ಟುಕೊಂಡು ಮೊದಲ ಲೆಕ್ಕ ಕಟ್ಟಬೇಕು. ಬೆಲೆಗಳು ಏರುವುದು ಖಚಿತವೆಂದು ಎಲ್ಲರಿಗೂ ಗೊತ್ತಿದ್ದರೂ ಆ ಏರಿಕೆಯನ್ನು ಮುಂಗಡವಾಗಿ ಸೇರಿಸುವಂತಿಲ್ಲ.

ಹಾಗಾದರೆ ನಿಜವಾದ ಏರಿಕೆ ಲೆಕ್ಕಕ್ಕೆ ಬರುವುದು ಯಾವಾಗ? ಮಾನದಂಡದ 42ನೇ ಪ್ಯಾರಾ ಇದಕ್ಕೆ ಉತ್ತರ ಕೊಡುತ್ತದೆ. ಸೂಚ್ಯಂಕ ಬದಲಾಯಿತೆಂದ ಮಾತ್ರಕ್ಕೆ ಮರುಲೆಕ್ಕ ಇಲ್ಲ; ಆ ಬದಲಾವಣೆಯಿಂದ ಕೊಡಬೇಕಾದ ಬಾಡಿಗೆಯ ಮೊತ್ತವೇ ಬದಲಾದಾಗ, ಎಂದರೆ ಕರಾರಿನ ಪ್ರಕಾರ ಹೊಸ ಬಾಡಿಗೆ ಜಾರಿಗೆ ಬಂದ ದಿನ, ಹೊಣೆಯನ್ನು ಮತ್ತೆ ಅಳೆಯಬೇಕು. ಸೂಚ್ಯಂಕ ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ, ಕರಾರು ಎರಡು ವರ್ಷಕ್ಕೊಮ್ಮೆ ಬಾಡಿಗೆ ಪರಿಷ್ಕರಿಸುತ್ತದೆ ಎಂದಾದರೆ, ನಡುವೆ ಬರುವ ಇಪ್ಪತ್ತಮೂರು ಪ್ರಕಟಣೆಗಳಿಗೂ ಹೊಣೆಯ ಲೆಕ್ಕಕ್ಕೂ ಸಂಬಂಧವಿಲ್ಲ.

ಲೆಕ್ಕ ಹಾಕಿ ನೋಡಿದರೆ ವಿಷಯ ಹೆಚ್ಚು ತಿಳಿಯಾಗುತ್ತದೆ. ಒಂದು ಕಂಪನಿ ಹುಬ್ಬಳ್ಳಿಯಲ್ಲಿ ಗೋದಾಮೊಂದನ್ನು 2022ರ ಏಪ್ರಿಲ್ 1ರಿಂದ ಐದು ವರ್ಷಕ್ಕೆ ಗುತ್ತಿಗೆ ಪಡೆದಿದೆ ಎಂದುಕೊಳ್ಳಬಹುದು. ವರ್ಷದ ಬಾಡಿಗೆ 12 ಲಕ್ಷ ರೂಪಾಯಿ. ಲೆಕ್ಕ ಸರಳವಾಗಿರಲಿ ಎಂದು ಅದನ್ನು ಪ್ರತಿ ವರ್ಷದ ಕೊನೆಯಲ್ಲಿ ಒಂದೇ ಕಂತಾಗಿ ಕೊಡಲಾಗುತ್ತದೆ. ಎರಡು ವರ್ಷಕ್ಕೊಮ್ಮೆ ಸೂಚ್ಯಂಕದ ಏರಿಳಿತಕ್ಕೆ ತಕ್ಕಂತೆ ಬಾಡಿಗೆ ಬದಲಾಗುತ್ತದೆ. ಆರಂಭದಲ್ಲಿ ಸೂಚ್ಯಂಕ 120 ಇತ್ತು (ಇವು ಉದಾಹರಣೆಯ ಅಂಕಿಗಳು). ಅಷ್ಟೇ ಅವಧಿಗೆ, ಅಂಥದ್ದೇ ಭದ್ರತೆಯ ಮೇಲೆ ಸಾಲ ತಂದಿದ್ದರೆ ಕಂಪನಿ ತೆರಬೇಕಿದ್ದ ಬಡ್ಡಿ ಶೇ 10. ಗುತ್ತಿಗೆಯೊಳಗೇ ಅಡಗಿರುವ ಬಡ್ಡಿದರವನ್ನು ಸುಲಭವಾಗಿ ತಿಳಿಯಲಾಗದ ಕಾರಣ ಈ ಶೇ 10ನ್ನೇ ಡಿಸ್ಕೌಂಟ್ ದರವಾಗಿ ಬಳಸಲಾಗಿದೆ.

ಮೊದಲ ದಿನದ ಲೆಕ್ಕದಲ್ಲಿ ಐದೂ ವರ್ಷ 12 ಲಕ್ಷವೇ ಬಾಡಿಗೆ. ಶೇ 10ರ ದರದಲ್ಲಿ ಅದರ ಇಂದಿನ ಮೌಲ್ಯ 45,48,944 ರೂಪಾಯಿ. ಹೊಣೆಯೂ ಇಷ್ಟೇ, ಬಳಕೆ ಹಕ್ಕೂ ಇಷ್ಟೇ. ಮೊದಲ ವರ್ಷ 4,54,894 ರೂಪಾಯಿ ಬಡ್ಡಿ ಸೇರಿ, 12 ಲಕ್ಷ ಬಾಡಿಗೆ ಕಳೆದು, 2023ರ ಮಾರ್ಚ್ 31ರಂದು ಹೊಣೆ 38,03,838ಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಸೂಚ್ಯಂಕ 127ಕ್ಕೆ ಏರಿದೆ. ಮುಂದಿನ ಬಾಡಿಗೆ ಹೆಚ್ಚಾಗುವ ಲಕ್ಷಣ ಸ್ಪಷ್ಟವಾಗಿಯೇ ಇದೆ. ಆದರೂ ಕಂಪನಿ ಏನನ್ನೂ ಬದಲಿಸುವುದಿಲ್ಲ, ಏಕೆಂದರೆ ಎರಡನೇ ವರ್ಷಕ್ಕೆ ಕೊಡಬೇಕಾದ ಬಾಡಿಗೆ ಈಗಲೂ 12 ಲಕ್ಷವೇ. ಎರಡನೇ ವರ್ಷದ ಕೊನೆಗೆ ಹೊಣೆ 29,84,222 ರೂಪಾಯಿಗೆ ಬಂದು ನಿಲ್ಲುತ್ತದೆ.

2024ರ ಏಪ್ರಿಲ್ 1 ಪರಿಷ್ಕರಣೆಯ ದಿನ. ಸೂಚ್ಯಂಕ 132 ಆಗಿದೆ. 120ರಿಂದ 132ಕ್ಕೆ ಏರಿದ್ದು 12 ಅಂಶ, ಆದರೆ ಶೇಕಡಾವಾರು ಏರಿಕೆ 10. ಅಂಶವನ್ನೇ ಶೇಕಡಾವಾರು ಎಂದು ಭಾವಿಸಿ ಬಾಡಿಗೆ ಬಿಲ್ಲು ಬರೆದರೆ ಅಲ್ಲೇ ತಪ್ಪುತ್ತದೆ. ಸರಿಯಾದ ಹೊಸ ಬಾಡಿಗೆ, 12 ಲಕ್ಷವನ್ನು 132ರಿಂದ ಗುಣಿಸಿ 120ರಿಂದ ಭಾಗಿಸಿದಾಗ ಬರುವ 13,20,000 ರೂಪಾಯಿ. ಉಳಿದ ಮೂರು ವರ್ಷವೂ ಇದೇ ಬಾಡಿಗೆ ಎಂದು ಇಟ್ಟುಕೊಂಡು ಇಂದಿನ ಮೌಲ್ಯ ಕಟ್ಟಿದರೆ 32,82,644 ರೂಪಾಯಿ. ಐದನೇ ವರ್ಷದ ಆರಂಭದಲ್ಲಿ ಇನ್ನೊಂದು ಪರಿಷ್ಕರಣೆ ಬರಲಿದೆಯೆಂದು ಗೊತ್ತಿದ್ದರೂ ಈಗಲೂ ಅಂದಾಜಿಗೆ ಜಾಗವಿಲ್ಲ. ಹೊಣೆ ಹೆಚ್ಚಿದ್ದು 2,98,422 ರೂಪಾಯಿ.

ಈ ಹೆಚ್ಚಳ ಎಲ್ಲಿಗೆ ಹೋಗಬೇಕು ಎಂಬಲ್ಲಿ ಹಲವರು ಎಡವುತ್ತಾರೆ. ಹೊಣೆ ಹೆಚ್ಚಿತಲ್ಲ, ನಷ್ಟ ಬರೆಯೋಣ ಎಂದು ಮೊದಲು ಅನ್ನಿಸುವುದು ಸಹಜ. ಮಾನದಂಡ ಹಾಗೆ ಹೇಳುವುದಿಲ್ಲ. ಗೋದಾಮನ್ನು ಉಳಿದ ಮೂರು ವರ್ಷ ಬಳಸುವುದಕ್ಕೆ ಕಂಪನಿ ತೆರುತ್ತಿರುವ ಬೆಲೆಯೇ ಹೆಚ್ಚಾಗಿದೆ. ಹಾಗಾಗಿ ಅಷ್ಟೂ ಮೊತ್ತ ಬಳಕೆ ಹಕ್ಕಿಗೆ ಸೇರುತ್ತದೆ. ಎರಡು ವರ್ಷದ ಸವಕಳಿ ಕಳೆದು ಆ ಹಕ್ಕು 27,29,366 ರೂಪಾಯಿಗೆ ನಿಂತಿತ್ತು, ಈಗ 30,27,788 ಆಗುತ್ತದೆ. ಮುಂದಿನ ಮೂರು ವರ್ಷಗಳಲ್ಲಿ ಇದನ್ನು ಹಂಚಿದಾಗ ವರ್ಷದ ಸವಕಳಿ ಸುಮಾರು 9.10 ಲಕ್ಷದಿಂದ 10.09 ಲಕ್ಷಕ್ಕೆ ಏರುತ್ತದೆ. ಬಾಡಿಗೆ ಹೆಚ್ಚಿದ ಭಾರ ಲಾಭ-ನಷ್ಟದ ಲೆಕ್ಕಕ್ಕೆ ಬರುವುದು ಈ ಸವಕಳಿ ಮತ್ತು ಹೆಚ್ಚಿದ ಬಡ್ಡಿಯ ಮೂಲಕ, ವರ್ಷವರ್ಷ ಸ್ವಲ್ಪಸ್ವಲ್ಪವಾಗಿ. ಸೂಚ್ಯಂಕ ಇಳಿದು ಬಾಡಿಗೆಯೂ ಇಳಿದರೆ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಬಳಕೆ ಹಕ್ಕು ಸೊನ್ನೆಯಾದ ಮೇಲೂ ಕಳೆಯಬೇಕಾದ್ದು ಉಳಿದರೆ ಮಾತ್ರ ಆ ಉಳಿಕೆ ನೇರವಾಗಿ ಲಾಭ-ನಷ್ಟಕ್ಕೆ ಹೋಗುತ್ತದೆ.

ಇನ್ನೊಂದು ಎಡವು ಹೆಚ್ಚು ಸೂಕ್ಷ್ಮವಾದದ್ದು, ಹೆಚ್ಚು ಸಾಮಾನ್ಯವಾದದ್ದೂ ಹೌದು. 2024ರಲ್ಲಿ ಇದೇ ಕಂಪನಿಗೆ ಸಾಲ ಶೇ 12ಕ್ಕೆ ಸಿಗುತ್ತಿದೆ ಎಂದುಕೊಂಡರೆ, ಮರುಲೆಕ್ಕಕ್ಕೆ ಯಾವ ದರ ಬಳಸಬೇಕು? ಇವತ್ತಿನ ಲೆಕ್ಕಕ್ಕೆ ಇವತ್ತಿನ ದರ ಎಂಬುದು ತರ್ಕಬದ್ಧವಾಗಿ ಕಂಡರೂ ಅದು ತಪ್ಪು. ಸೂಚ್ಯಂಕದಿಂದಾದ ಮರುಲೆಕ್ಕಕ್ಕೆ ಮೊದಲಿನ ಶೇ 10ನ್ನೇ ಇಟ್ಟುಕೊಳ್ಳಬೇಕು ಎಂದು 43ನೇ ಪ್ಯಾರಾ ಹೇಳುತ್ತದೆ. ಕರಾರು ಅದೇ, ಅವಧಿ ಅದೇ. ಮೊದಲೇ ಒಪ್ಪಿದ್ದ ಸೂತ್ರ ಕೆಲಸ ಮಾಡಿದೆ ಅಷ್ಟೆ. ಶೇ 12ರ ದರ ಬಳಸಿದ್ದರೆ ಹೊಣೆ 31,70,417 ಆಗಿ, ಒಂದು ಲಕ್ಷ ಹನ್ನೆರಡು ಸಾವಿರ ರೂಪಾಯಿಯಷ್ಟು ಕಡಿಮೆ ತೋರುತ್ತಿತ್ತು.

ಈ ತಪ್ಪನ್ನು ಪತ್ತೆ ಹಚ್ಚಲು ಸುಲಭದ ಉಪಾಯವೊಂದಿದೆ. ಉಳಿದ ಬಾಡಿಗೆಯೆಲ್ಲವೂ ಸೂಚ್ಯಂಕಕ್ಕೇ ಕಟ್ಟಿದ್ದು, ಡಿಸ್ಕೌಂಟ್ ದರವೂ ಬದಲಾಗದಿದ್ದರೆ, ಮರುಲೆಕ್ಕದ ಮುಂಚಿನ ಮತ್ತು ನಂತರದ ಹೊಣೆಗಳ ಅನುಪಾತ ಹಳೆಯ ಮತ್ತು ಹೊಸ ಬಾಡಿಗೆಗಳ ಅನುಪಾತಕ್ಕೆ ಸರಿಸಮವಾಗಿರಬೇಕು. ಇಲ್ಲಿ 29,84,222ರ ಶೇ 10 ಎಂದರೆ 2,98,422, ಸರಿಯಾಗಿ ಹೊಂದುತ್ತದೆ. ಹೊಂದದಿದ್ದರೆ ಯಾರೋ ದರ ಬದಲಿಸಿದ್ದಾರೆ, ಇಲ್ಲವೇ ಉಳಿದ ಕಂತುಗಳ ಸಂಖ್ಯೆ ತಪ್ಪಿದೆ. ಲೆಕ್ಕಪರಿಶೋಧಕರು ದೊಡ್ಡ ಹಾಳೆಗಳನ್ನು ಪರಿಶೀಲಿಸುವ ಮೊದಲು ಈ ಒಂದು ಭಾಗಾಕಾರ ಮಾಡಿ ನೋಡುವುದು ಒಳ್ಳೆಯದು.

2026ರ ಏಪ್ರಿಲ್ 1ಕ್ಕೆ ಎರಡನೇ ಪರಿಷ್ಕರಣೆ. ಆಗ ಹೊಣೆ ಸರಿಯಾಗಿ 12,00,000 ರೂಪಾಯಿಗೆ ಇಳಿದಿರುತ್ತದೆ. ಸೂಚ್ಯಂಕ 138.6 ಆಗಿದ್ದರೆ ಕೊನೆಯ ವರ್ಷದ ಬಾಡಿಗೆ 13,86,000, ಹೊಣೆ 12,60,000. ಹೆಚ್ಚಿದ 60,000 ರೂಪಾಯಿ ಮತ್ತೆ ಬಳಕೆ ಹಕ್ಕಿಗೆ ಸೇರಿ, ಆ ಒಂದೇ ವರ್ಷದಲ್ಲಿ ಸವಕಳಿಯಾಗಿ ಕರಗುತ್ತದೆ.

ಇದೇ ಗೋದಾಮಿನ ಕರಾರಿನಲ್ಲಿ ಸೂಚ್ಯಂಕದ ಬದಲು ಮೂರನೇ ವರ್ಷದಿಂದ 13,20,000, ಐದನೇ ವರ್ಷಕ್ಕೆ 13,86,000 ಎಂದು ಮೊದಲೇ ಬರೆದಿದ್ದರೆ ಕೈಯಿಂದ ಹೋಗುವ ಹಣ ಒಂದು ರೂಪಾಯಿಯೂ ಬದಲಾಗುತ್ತಿರಲಿಲ್ಲ. ಆದರೆ ಮೊದಲ ದಿನದ ಹೊಣೆ 48,36,556 ಆಗುತ್ತಿತ್ತು, ಎಂದರೆ ಸುಮಾರು 2,87,000 ರೂಪಾಯಿ ಹೆಚ್ಚು. ಎರಡು ಕಂಪನಿಗಳ ಸಾಲದ ಹೊರೆಯನ್ನು ಹೋಲಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಸೂಚ್ಯಂಕದ ಗುತ್ತಿಗೆ ಹಿಡಿದ ಕಂಪನಿಯ ಹೊಣೆ ಚಿಕ್ಕದಾಗಿ ಕಾಣುವುದು ಬಾಡಿಗೆ ಅಗ್ಗವೆಂಬ ಕಾರಣಕ್ಕಲ್ಲ. ಮುಂದಿನ ಏರಿಕೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ ಎಂಬ ಕಾರಣಕ್ಕೆ.

ಕೆಲವು ಕರಾರುಗಳು ಎರಡನ್ನೂ ಬೆರೆಸುತ್ತವೆ: ಸೂಚ್ಯಂಕದ ಏರಿಕೆ ಅಥವಾ ಶೇ 5, ಎರಡರಲ್ಲಿ ಯಾವುದು ಹೆಚ್ಚೋ ಅದು. ನೋಡಲು ಇದು ಸೂಚ್ಯಂಕದ ಬಾಡಿಗೆಯಂತೆ ಕಂಡರೂ ಶೇ 5 ಏರಿಕೆಯಂತೂ ತಪ್ಪುವುದಿಲ್ಲ. ತಪ್ಪಿಸಿಕೊಳ್ಳಲಾಗದ ಏರಿಕೆಯನ್ನು ಮಾನದಂಡ ನಿಗದಿತ ಬಾಡಿಗೆಯೆಂದೇ ನೋಡುತ್ತದೆ. ಆದ್ದರಿಂದ ಆ ಶೇ 5ನ್ನು ಮೊದಲ ದಿನವೇ ಹೊಣೆಯಲ್ಲಿ ಸೇರಿಸಿ, ಸೂಚ್ಯಂಕ ಅದನ್ನು ಮೀರಿದಾಗ ಮಾತ್ರ ಮೀರಿದ ಭಾಗಕ್ಕೆ ಮರುಲೆಕ್ಕ ಮಾಡಬೇಕಾಗುತ್ತದೆ. ಇಂಥ ಒಂದು ಸಾಲು ಕರಾರಿನ ಕೊನೆಯ ಪುಟದ ಷರತ್ತುಗಳಲ್ಲಿ ಅಡಗಿ ಕೂತಿರಬಹುದು. ಲೆಕ್ಕ ಕಟ್ಟುವವರು ಬಾಡಿಗೆಯ ಪುಟವನ್ನಷ್ಟೇ ಓದಿದರೆ ಸಾಲದು.

ಭಾರತದಲ್ಲಿ ಕರಾರುಗಳಿಗೆ ಒದಗುವ ಸೂಚ್ಯಂಕಗಳಲ್ಲಿ ಮುಖ್ಯವಾದದ್ದೊಂದು ಕೇಂದ್ರದ ಲೇಬರ್ ಬ್ಯೂರೊ ಹೊರತರುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ತುಟ್ಟಿಭತ್ಯೆ ನಿರ್ಧರಿಸುವುದೂ ಇದರ ಆಧಾರದ ಮೇಲೆಯೇ. ಒಂದು ತಿಂಗಳ ಸೂಚ್ಯಂಕ ಹೊರಬೀಳುವುದು ಮುಂದಿನ ತಿಂಗಳ ಕೊನೆಗೆ. ಏಪ್ರಿಲ್ 1ಕ್ಕೆ ಬಾಡಿಗೆ ಬದಲಾಗಬೇಕಿದ್ದು ಮಾರ್ಚ್‌ನ ಸೂಚ್ಯಂಕವನ್ನು ಹಿಡಿಯಬೇಕೆಂದು ಬರೆದಿದ್ದರೆ, ಬಾಡಿಗೆ ಎಷ್ಟೆಂದು ತಿಳಿಯಲು ಏಪ್ರಿಲ್ ಕೊನೆಯವರೆಗೆ ಕಾಯಬೇಕು. ಜನವರಿಯ ಸೂಚ್ಯಂಕ ಎಂದು ಬರೆದಿದ್ದರೆ ಈ ತೊಂದರೆ ಇರುವುದಿಲ್ಲ. ಹಾಗೆಂದು ಜನವರಿಯ ಅಂಕಿ ಫೆಬ್ರುವರಿಯಲ್ಲೇ ಕೈಗೆ ಬಂದರೂ ಮಾರ್ಚ್ 31ರ ಆಸ್ತಿ-ಹೊಣೆ ಪಟ್ಟಿಯಲ್ಲಿ ಹೊಸ ಬಾಡಿಗೆಯನ್ನು ಸೇರಿಸುವಂತಿಲ್ಲ. ಅದು ಜಾರಿಗೆ ಬರುವುದು ಏಪ್ರಿಲ್ 1ಕ್ಕೆ, ಮುಂದಿನ ಹಣಕಾಸು ವರ್ಷದಲ್ಲಿ.

ಸೂಚ್ಯಂಕದ ಆಧಾರ ವರ್ಷ ಬದಲಾದಾಗಲೂ ಎಚ್ಚರ ಬೇಕು. ಕೈಗಾರಿಕಾ ಕಾರ್ಮಿಕರ ಸೂಚ್ಯಂಕದ ಆಧಾರ 2020ರ ಸೆಪ್ಟೆಂಬರ್ ತಿಂಗಳಿನಿಂದ 2001ರ ಬದಲು 2016 ಆಯಿತು. ಮುನ್ನೂರರ ಮೇಲಿದ್ದ ಸೂಚ್ಯಂಕ ಇದ್ದಕ್ಕಿದ್ದಂತೆ 118ರ ಆಸುಪಾಸಿಗೆ ಬಂತು. ಬೆಲೆಗಳೇನೂ ಕುಸಿದಿರಲಿಲ್ಲ, ಅಳತೆಗೋಲು ಬದಲಾಗಿತ್ತು. ಹಳೆಯದರೊಂದಿಗೆ ಹೋಲಿಸಲು ಹೊಸ ಅಂಕಿಯನ್ನು 2.88ರಿಂದ ಗುಣಿಸಬೇಕೆಂದು ಬ್ಯೂರೊ ಜೋಡಣೆ ಅಂಕಿಯನ್ನೂ ಕೊಟ್ಟಿತು. ದೀರ್ಘಾವಧಿ ಗುತ್ತಿಗೆಯಲ್ಲಿ ಆರಂಭದ ಅಂಕಿ ಹಳೆಯ ಸರಣಿಯದು, ಪರಿಷ್ಕರಣೆಯ ಅಂಕಿ ಹೊಸ ಸರಣಿಯದು ಆಗಿರುವ ಸಂದರ್ಭ ಬರುತ್ತದೆ. ಗುಣಿಸುವುದನ್ನು ಮರೆತರೆ ಬಾಡಿಗೆ ಮೂರನೇ ಒಂದರಷ್ಟಕ್ಕೆ ಇಳಿದಂತೆ ಲೆಕ್ಕ ಬರುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ ನಿಜ, ಆದರೆ ನೂರಾರು ಕರಾರುಗಳ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದ ಕಡೆ ಯಾರಾದರೂ ನೋಡಿದರೆ ಮಾತ್ರ.

ಬದಲಾಗುವ ಬಾಡಿಗೆಗಳೆಲ್ಲ ಈ ನಿಯಮಕ್ಕೆ ಒಳಪಡುವುದಿಲ್ಲ. ಮಾಲ್‌ನ ಮಳಿಗೆಯವರು ಮಾರಾಟದ ಇಂತಿಷ್ಟು ಪಾಲನ್ನು ಬಾಡಿಗೆಯಾಗಿ ಕೊಡುವುದುಂಟು. ಮಾರಾಟ ಸೂಚ್ಯಂಕವಲ್ಲ. ಅಂಥ ಬಾಡಿಗೆ ಹೊಣೆಯೊಳಗೆ ಬರುವುದೇ ಇಲ್ಲ. ಮಾರಾಟ ನಡೆದ ಅವಧಿಯ ಖರ್ಚಾಗಿ ಲಾಭ-ನಷ್ಟಕ್ಕೆ ಹೋಗುತ್ತದೆ. ಇನ್ನೊಂದು ಕಡೆ, ತೇಲುವ ಬಡ್ಡಿದರಕ್ಕೆ ಕಟ್ಟಿದ ಬಾಡಿಗೆ ಇದ್ದರೆ, ಆ ದರ ಬದಲಾಗಿ ಕಂತು ಬದಲಾದಾಗ ಡಿಸ್ಕೌಂಟ್ ದರವನ್ನೂ ಬದಲಿಸಿಯೇ ಮರುಲೆಕ್ಕ ಮಾಡಬೇಕು. ಹಳೆಯ ದರ ಇಟ್ಟುಕೊಳ್ಳುವ ನಿಯಮಕ್ಕೆ ಇದು ಅಪವಾದ. ಮಾಲೀಕನೊಂದಿಗೆ ಮಾತನಾಡಿ ಬಾಡಿಗೆ ಇಳಿಸಿಕೊಂಡರೆ ಅದು ಸೂಚ್ಯಂಕದ ಮರುಲೆಕ್ಕವಲ್ಲ, ಕರಾರಿನ ತಿದ್ದುಪಡಿ. ತಿದ್ದುಪಡಿಗೆ ಆ ದಿನದ ಹೊಸ ದರ ಬೇಕು. ಮೂಲ ಕರಾರಿನಲ್ಲೇ ಬರೆದ ಸೂತ್ರದಿಂದ ಬಾಡಿಗೆ ಬದಲಾಯಿತೇ, ಇಲ್ಲ ಹೊಸ ಒಪ್ಪಂದದಿಂದಲೇ ಎಂಬುದನ್ನು ಮೊದಲು ನೋಡಿದರೆ ಯಾವ ದರ ಎಂಬುದು ತಾನಾಗಿ ತಿಳಿಯುತ್ತದೆ.

ಮಾರುಕಟ್ಟೆ ಬಾಡಿಗೆಗೆ ತಕ್ಕಂತೆ ಪರಿಷ್ಕರಿಸುವ ಕರಾರುಗಳೂ ಸೂಚ್ಯಂಕದ ಗುಂಪಿಗೇ ಸೇರುತ್ತವೆ. ಅಲ್ಲಿಯೂ ಸುತ್ತಮುತ್ತಲ ಬಾಡಿಗೆ ಏರಿದ ದಿನವಲ್ಲ, ಪರಿಷ್ಕರಣೆ ಈ ಗುತ್ತಿಗೆಗೆ ಅನ್ವಯವಾಗಿ ಕಂತು ಬದಲಾದ ದಿನವೇ ಮರುಲೆಕ್ಕದ ದಿನ.

ಅಮೆರಿಕದ ಲೆಕ್ಕಪತ್ರ ಮಾನದಂಡ ಎಎಸ್‌ಸಿ 842 ಇದೇ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಅಮೆರಿಕನ್ ಮಾತೃಸಂಸ್ಥೆಯ ಅಂಗವಾಗಿ ಬೆಂಗಳೂರಿನಲ್ಲಿ ಕಚೇರಿ ನಡೆಸುವ ಕಂಪನಿಗಳಿಗೆ ಈ ವ್ಯತ್ಯಾಸ ನಿತ್ಯದ ಕೆಲಸ, ಏಕೆಂದರೆ ಅವು ಇಲ್ಲಿನ ಕಾನೂನಿಗೆ ಒಂದು ಲೆಕ್ಕ, ಮಾತೃಸಂಸ್ಥೆಗೆ ಇನ್ನೊಂದು ಲೆಕ್ಕ ಕೊಡಬೇಕಾಗುತ್ತದೆ. ಅಮೆರಿಕದ ನಿಯಮದಲ್ಲೂ ಮೊದಲ ಲೆಕ್ಕ ಆರಂಭದ ಸೂಚ್ಯಂಕದ ಮೇಲೆಯೇ. ಆದರೆ ಸೂಚ್ಯಂಕದಿಂದ ಬಾಡಿಗೆ ಏರಿತೆಂಬ ಒಂದೇ ಕಾರಣಕ್ಕೆ ಅಲ್ಲಿ ಹೊಣೆಯನ್ನು ಮತ್ತೆ ಅಳೆಯುವುದಿಲ್ಲ. ಗುತ್ತಿಗೆಯ ಅವಧಿ ಬದಲಾಗುವಂಥ ಬೇರೆ ಕಾರಣ ಬಂದಾಗ ಮಾತ್ರ ಹೊಸ ಸೂಚ್ಯಂಕ ಹೊಣೆಯೊಳಗೆ ಬರುತ್ತದೆ. ಅಲ್ಲಿಯವರೆಗೆ ಹೆಚ್ಚುವರಿ ಬಾಡಿಗೆ ಆಯಾ ವರ್ಷದ ಖರ್ಚು. ಹುಬ್ಬಳ್ಳಿಯ ಗೋದಾಮಿನ ಉದಾಹರಣೆಯಲ್ಲಿ ಆ ನಿಯಮದಂತೆ 2024ರ ಏಪ್ರಿಲ್ 1ರಂದು ಹೊಣೆ 29,84,222ರಲ್ಲೇ ಉಳಿದು, ಮೂರು ಮತ್ತು ನಾಲ್ಕನೇ ವರ್ಷಗಳಲ್ಲಿ ತಲಾ 1,20,000 ರೂಪಾಯಿ, ಐದನೇ ವರ್ಷ 1,86,000 ರೂಪಾಯಿ ಹೆಚ್ಚುವರಿ ಖರ್ಚಾಗಿ ಬರುತ್ತದೆ. ಐದು ವರ್ಷಗಳ ಒಟ್ಟು ಖರ್ಚು ಎರಡೂ ಪದ್ಧತಿಯಲ್ಲಿ 64,26,000 ರೂಪಾಯಿಯೇ. ವ್ಯತ್ಯಾಸವಿರುವುದು ಯಾವ ವರ್ಷ ಎಷ್ಟು ಖರ್ಚು ಎಂಬುದರಲ್ಲಿ, ಮತ್ತು ನಡುವಿನ ವರ್ಷಗಳಲ್ಲಿ ಹೊಣೆ ಎಷ್ಟು ಕಾಣುತ್ತದೆ ಎಂಬುದರಲ್ಲಿ.